ಊರಿಗೊಬ್ಬನೇ ಅಧ್ಯಕ್ಷ

ಕಲ್ಕತ್ತೆಯಲ್ಲಿ ಹೊಸದಾಗಿ ಮನೆ ಮಾಡಿದವನನ್ನು ಪಾಡಾದ, ಅಂದರೆ ಓಣಿಯ, ಹಿರಿಯರು ಮೊದಲು ಕೇಳುವುದು ಒಂದೇ ಪ್ರಶ್ನೆ: ಮೋಹನ್ ಬಗಾನೋ, ಈಸ್ಟ್ ಬೆಂಗಾಲೋ? ಸಂಬಳ, ಜಾತಿ, ಮಕ್ಕಳೆಷ್ಟು ಎಂಬುದೆಲ್ಲ ಆಮೇಲಿನ ಮಾತು. ‘ಎರಡೂ ಅಲ್ಲ’ ಎಂಬ ಉತ್ತರವನ್ನು ನಮ್ಮ ಗಲ್ಲಿಯವರು ಅಲ್ಲಿಯವರೆಗೆ ಕೇಳಿರಲಿಲ್ಲವೆಂದು ಕಾಣುತ್ತದೆ. ನಾನು ಮೈಸೂರು ಕಡೆಯವನು ಸ್ವಾಮಿ, ಕ್ರಿಕೆಟ್ಟಾದರೆ ವಿಶ್ವನಾಥ್ ಹೆಸರು ಹೇಳಿಯೇನು, ಫುಟ್‌ಬಾಲಿನಲ್ಲಿ ನನಗೆ ಯಾರೂ ನೆಂಟರಿಲ್ಲ ಎಂದಾಗ ಎಲ್ಲರೂ ನನ್ನನ್ನು ಅಯ್ಯೋ ಪಾಪ ಎನ್ನುವ ಹಾಗೆ ನೋಡಿದರು. ಆದರೆ ಕನಿಕರ ಬಹಳ ಹೊತ್ತು ಉಳಿಯಲಿಲ್ಲ. ಇಂಥವನೊಬ್ಬ ಪಾಡಾಕ್ಕೆ ಬೇಕೇ ಬೇಕಾಗಿತ್ತು ಎಂದು ಅವರಲ್ಲೊಬ್ಬರಿಗೆ ಹೊಳೆದುಬಿಟ್ಟಿತು. ಅಂದಿನಿಂದ ಲೇಕ್ ಮಾರ್ಕೆಟ್ ಹಿಂದಿನ ಆ ಗಲ್ಲಿಯ ರೋಯಾಕಿನ ಮೇಲೆ ಹುಟ್ಟುವ ಸಕಲ ವ್ಯಾಜ್ಯಗಳಿಗೂ ನಾನೇ ನ್ಯಾಯಾಧೀಶ.

ರೋಯಾಕ್ ಎಂದರೆ ಬೇರೇನಲ್ಲ, ಹಳೆಯ ಮನೆಗಳ ಮುಂದಿನ ಸಿಮೆಂಟಿನ ಜಗಲಿ. ಬಾಗಿಲ ಎರಡೂ ಕಡೆ ಒಂದೊಂದು, ಮಂಡಿಯೆತ್ತರ. ಸಂಜೆಯಾದರೆ ಅಲ್ಲಿ ಅಡ್ಡಾ ಸೇರುತ್ತದೆ. ಮಣ್ಣಿನ ಲೋಟದಲ್ಲಿ ಚಹಾ, ಕಾಗದದ ಪೊಟ್ಟಣದಲ್ಲಿ ಸಾಸಿವೆ ಎಣ್ಣೆ ಹಾಕಿ ಕಲಸಿದ ಮಂಡಕ್ಕಿ. ಆ ಮಂಡಕ್ಕಿಯನ್ನು ನಮ್ಮ ದಾವಣಗೆರೆಯವರಿಗೆ ತಿನ್ನಿಸಿ ಅಭಿಪ್ರಾಯ ಕೇಳಬೇಕೆಂದು ನನಗೆ ಬಹಳ ದಿನದ ಆಸೆ. ಇರಲಿ, ಅದು ಬೇರೆಯೇ ವ್ಯಾಜ್ಯ.

ನನ್ನ ನ್ಯಾಯಾಧೀಶಗಿರಿಗೆ ಕುತ್ತು ಬಂದದ್ದು ಮೀನಿನಿಂದ. ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನು, ಮೋಹನ್ ಬಗಾನ್ ಗೆದ್ದರೆ ಸಿಗಡಿ. ಇದು ಇಲ್ಲಿನ ಸಂಪ್ರದಾಯ. ಒಂದು ಮಳೆಗಾಲದ ಸಂಜೆ ವಾದ ಚೆಂಡನ್ನು ಬಿಟ್ಟು ಬಾಣಲೆಗಿಳಿಯಿತು. ಎರಡರಲ್ಲಿ ಯಾವುದು ರುಚಿ? ತೀರ್ಪು ಕೊಡಬೇಕಾದ ನಾನು ಈರುಳ್ಳಿ ಸಾಂಬಾರಿನಿಂದಾಚೆಗೆ ಸಾಹಸ ಮಾಡಿದವನಲ್ಲ. ಎದುರು ಮನೆಯ ದಾದಾ ಹಿಂದೆ ಹೈಕೋರ್ಟಿನ ದೊಡ್ಡ ವಕೀಲರೊಬ್ಬರ ಬಳಿ ಮುಹುರಿಯಾಗಿದ್ದವರು, ಅಂದರೆ ಗುಮಾಸ್ತರು. ವಕೀಲರಿಗಿಂತ ಹೆಚ್ಚು ಕಾನೂನು ಬಲ್ಲವರು ಎಂಬ ಖ್ಯಾತಿ ಅವರಿಗೆ. ಅದನ್ನು ಹರಡಿದವರೂ ಅವರೇ ಇರಬಹುದು. ಅವರು ತಲೆದೂಗುತ್ತಾ ಹೇಳಿದರು: “ನೋಡಿ ಮೊಶಾಯ್, ಈ ಗಲ್ಲಿಯಲ್ಲಿ ರುಚಿ ಬಲ್ಲವರೆಲ್ಲ ಪಕ್ಷಪಾತಿಗಳು. ಪಕ್ಷಪಾತವಿಲ್ಲದ ಒಬ್ಬರಿಗೆ ರುಚಿಯೇ ಗೊತ್ತಿಲ್ಲ. ಇನ್ನು ಪಕ್ಷಪಾತಿಯೇ ತೀರ್ಪು ಕೊಡಬೇಕು. ಡಾಕ್ಟ್ರಿನ್ ಆಫ್ ನೆಸೆಸಿಟಿ!”

ಅನಿವಾರ್ಯತೆಯ ಸಿದ್ಧಾಂತ. ಸರ್ಕಾರಿ ಉದ್ದಿಮೆಯೊಂದರ ಸಿಬ್ಬಂದಿ ವಿಭಾಗದಲ್ಲಿ ಜೀವ ಸವೆಸಿದ ನನಗೆ ಆ ಹೆಸರು ಹೊಸದಲ್ಲ. ಆದರೆ ಮೀನಿನ ವಿಷಯದಲ್ಲಿ ಅದನ್ನು ಕೇಳಿದ್ದು ಅದೇ ಮೊದಲು.

ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗಬಾರದು ಎನ್ನುವುದನ್ನು ಯಾರೂ ಕಲಿಸಬೇಕಾಗಿಲ್ಲ, ಬೇಲಿಯೇ ಎದ್ದು ಹೊಲ ಮೇಯುವುದನ್ನು ಯಾವ ಊರೂ ಒಪ್ಪುವುದಿಲ್ಲ. ಹಣದ ಹಿತಾಸಕ್ತಿ, ನೆಂಟಸ್ತಿಕೆ, ಹಳೆಯ ಹಗೆ, ಇವುಗಳಲ್ಲಿ ಒಂದಿದ್ದರೂ ಅಧಿಕಾರಿ ಆ ಕಡತದಿಂದ ದೂರ ಸರಿಯಬೇಕು. ಆದರೆ ಕಾಯಿದೆ ಒಂದು ಕೆಲಸಕ್ಕೆ ಒಬ್ಬನನ್ನೇ ಹೆಸರಿಸಿರುತ್ತದೆ ಅನ್ನಿ. ಅವನು ಸರಿದು ನಿಂತರೆ ಆ ಜಾಗಕ್ಕೆ ಇನ್ನೊಬ್ಬನನ್ನು ಕೂರಿಸಲು ಕಾನೂನಿನಲ್ಲಿ ದಾರಿಯಿಲ್ಲ. ಆಗೇನು ಮಾಡುವುದು? ಅರ್ಜಿ ಕೊಳೆಯಲು ಬಿಡುವುದೇ? ಹಾಗೆ ಬಿಟ್ಟರೂ ಅದು ಯಾರಾದರೊಬ್ಬರ ಪರವಾಗಿ ತೀರ್ಪು ಕೊಟ್ಟಂತೆಯೇ. ಆದ್ದರಿಂದ ಕಾನೂನು ಮೂಗು ಮುಚ್ಚಿಕೊಂಡು ಹೇಳುತ್ತದೆ: ಊರಿಗೊಬ್ಬಳೇ ಪದ್ಮಾವತಿ, ಇವನೇ ಕೂರಲಿ.

ಇದಕ್ಕೊಂದು ನಿಜವಾದ ಉದಾಹರಣೆ ಬೇಕಲ್ಲ? 1995ರ ಜುಲೈ 31ರಂದು ರೈಟರ್ಸ್ ಬಿಲ್ಡಿಂಗಿನಲ್ಲಿ ಕುಳಿತ ಜ್ಯೋತಿ ಬಸು ದೆಹಲಿಯಲ್ಲಿದ್ದ ಮಂತ್ರಿ ಸುಖ್‌ರಾಮ್ ಅವರಿಗೆ ಮೊಬೈಲಿನಲ್ಲಿ ಫೋನು ಮಾಡಿದರು. ದೇಶದ ಮೊದಲ ಮೊಬೈಲ್ ಕರೆ ಅದು. ಕಲ್ಕತ್ತೆಯವರು ಇದನ್ನು ದಿನಕ್ಕೊಮ್ಮೆ ನೆನಪಿಸುತ್ತಾರೆ. ಅದಕ್ಕೂ ಹಿಂದಿನ ರಂಪವನ್ನು ಮಾತ್ರ ಹೇಳುವುದಿಲ್ಲ. ಬೊಂಬಾಯಿ, ದೆಹಲಿ, ಕಲ್ಕತ್ತೆ, ಮದ್ರಾಸು, ಈ ನಾಲ್ಕು ನಗರಗಳಿಗೆ ಎರಡೆರಡು ಕಂಪನಿಗಳನ್ನು ಆರಿಸುವ ಟೆಂಡರಿನ ಮೇಲೆ ಮೊಕದ್ದಮೆ ಬಿದ್ದು ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ದೂರುಗಳಲ್ಲೊಂದು ಹೀಗಿತ್ತು: ಟೆಂಡರುಗಳನ್ನು ತೂಗಿ ನೋಡಿದವರಲ್ಲಿ ಒಬ್ಬ ಮೇಲಧಿಕಾರಿಯ ಮಗ, ಟೆಂಡರು ಹಾಕಿದ್ದ ಒಂದು ಕಂಪನಿಯಲ್ಲಿ ನೌಕರ. ಮೇಲ್ನೋಟಕ್ಕೆ ಅಲ್ಲಿಗೆ ಮುಗಿಯಿತು, ಅಲ್ಲವೇ? ಆದರೆ ಟೆಲಿಗ್ರಾಫ್ ಕಾಯಿದೆಯ ಪ್ರಕಾರ ಟೆಲಿಗ್ರಾಫ್ ಪ್ರಾಧಿಕಾರಿಯ ಅಧಿಕಾರ ಆ ಕುರ್ಚಿಗೇ ಸೇರಿತ್ತು. ಅವರನ್ನು ಬಿಟ್ಟು ಆ ಕೆಲಸ ಮಾಡುವವರು ಇರಲಿಲ್ಲ. ಅಲ್ಲದೆ ಅವರೊಬ್ಬರೇ ತೀರ್ಮಾನ ಮಾಡಿದ್ದೂ ಅಲ್ಲ, ಸಮಿತಿಗಳಿದ್ದವು, ಮೇಲೆ ಮಂತ್ರಿಗಳಿದ್ದರು. 1994ರ ಜುಲೈನಲ್ಲಿ ಬಂದ ತೀರ್ಪು ಈ ಆಕ್ಷೇಪವನ್ನು ಅನಿವಾರ್ಯತೆಯ ಆಧಾರದ ಮೇಲೆ ತಳ್ಳಿಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ಎಸ್. ಮೋಹನ್, ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು. ಪೀಠದ ಮೇಲಿದ್ದ ಮುಖ್ಯ ನ್ಯಾಯಮೂರ್ತಿ ನಮ್ಮ ಬೆಂಗಳೂರಿನ ಎಂ.ಎನ್. ವೆಂಕಟಾಚಲಯ್ಯ. ದೇಶದ ಮೊದಲ ಮೊಬೈಲ್ ಕರೆಯ ಹಿಂದೆ ಕನ್ನಡನಾಡಿನ ಕೈಯಿದೆ ಎಂದು ನಾನು ಅಡ್ಡಾದಲ್ಲಿ ಹೇಳಿ ನೋಡಿದೆ. ಯಾರೂ ಒಪ್ಪಲಿಲ್ಲ.

ಆದರೆ ಇದು ಅಪರೂಪದ ಸಂಗತಿ. ಪದ್ಮಾವತಿ ನಿಜವಾಗಿಯೂ ಒಬ್ಬಳೇ ಇದ್ದ ಊರು. ಆಫೀಸುಗಳಲ್ಲಿ ನಾನು ಕಂಡ ‘ಅನಿವಾರ್ಯ’ಗಳ ಪೈಕಿ ಹೆಚ್ಚಿನವು ಬೇರೆ ಜಾತಿಯವು: ಪಕ್ಕದ ಮನೆಯ ಬಾಗಿಲು ತಟ್ಟಿಯೇ ನೋಡದೆ ಊರಿಗೊಬ್ಬಳೇ ಎಂದು ಸಾರಿಬಿಡುವವು. ಈ ಜಾತಿಯ ಅತ್ಯುತ್ತಮ ಮಾದರಿಯನ್ನು ಭಾರತದ ಕಾನೂನಿಗೆ ಕೊಟ್ಟದ್ದೂ ಕಲ್ಕತ್ತೆಯೇ. ಬ್ರೈತ್‌ವೇಟ್ ಕಂಪನಿಯ ಮೊಕದ್ದಮೆ.

ಬ್ರೈತ್‌ವೇಟ್ ಹೆಸರು ನೀವು ಕೇಳಿರಲಿಕ್ಕಿಲ್ಲ, ಆದರೆ ಕೈಚಳಕ ನೋಡಿರುತ್ತೀರಿ. ಹೌರಾ ಸೇತುವೆಯ ಚಿತ್ರ ನೋಡದವರು ಯಾರಿದ್ದಾರೆ? ಬ್ರೈತ್‌ವೇಟ್, ಬರ್ನ್, ಜೆಸಪ್ ಎಂಬ ಮೂರು ಕಂಪನಿಗಳು ಸೇರಿ ಕಟ್ಟಿಕೊಂಡ ಸಂಸ್ಥೆಯೇ ಅದನ್ನು ನಿಲ್ಲಿಸಿದ್ದು. ಸುಮಾರು 26,500 ಟನ್ ಉಕ್ಕು, ನಟ್ಟು ಬೋಲ್ಟಿನ ಬದಲು ಎಲ್ಲ ರಿವೆಟ್ಟಿನ ಕೆಲಸ. ಯುದ್ಧದ ನಡುವೆ, 1943ರ ಫೆಬ್ರುವರಿಯಲ್ಲಿ, ಸಮಾರಂಭವೇ ಇಲ್ಲದೆ ಅದು ಸಂಚಾರಕ್ಕೆ ತೆರೆಯಿತು. ಜಪಾನಿನ ಬಾಂಬುಗಳ ಭಯ. ನಮ್ಮಲ್ಲಿ ಒಂದು ಮೋರಿಗೂ ಉದ್ಘಾಟನೆಯ ಕಲ್ಲು ನೆಡುವುದನ್ನು ನೆನೆದರೆ ಇದೊಂದು ಆಶ್ಚರ್ಯವೇ. ಬ್ರೈತ್‌ವೇಟ್ 1913ರಲ್ಲಿ ಇಂಗ್ಲೆಂಡಿನ ಕಂಪನಿಯೊಂದರ ಶಾಖೆಯಾಗಿ ಇಲ್ಲಿ ಶುರುವಾಯಿತು, ಮುಂದೆ ರೈಲ್ವೆ ವ್ಯಾಗನ್ನುಗಳನ್ನು ಮಾಡತೊಡಗಿತು, 1976ರಲ್ಲಿ ರಾಷ್ಟ್ರೀಕರಣವಾಯಿತು. ರಾಷ್ಟ್ರೀಕರಣವಾದ ಮೇಲೆ ಎಲ್ಲ ಸರ್ಕಾರಿ ಉದ್ದಿಮೆಗಳಿಗೂ ಬರುವಂಥದ್ದೊಂದು ಅದಕ್ಕೂ ಬಂತು: ನಡತೆ, ಶಿಸ್ತು ಮತ್ತು ಮೇಲ್ಮನವಿ ನಿಯಮಗಳು.

ಈ ನಿಯಮಪುಸ್ತಕದ ಬಗ್ಗೆ ಎರಡು ಮಾತು ಹೇಳಲೇಬೇಕು, ನಾನು ಅದರ ಜೊತೆ ಸಂಸಾರ ಮಾಡಿದವನು. ಓದುವವರು ಅದರ ಮುಂದಿನ ಪುಟಗಳನ್ನು ಓದುತ್ತಾರೆ, ಬಲ್ಲವರು ಕೊನೆಯ ಅನುಸೂಚಿಯನ್ನು ತೆಗೆಯುತ್ತಾರೆ. ಅದೊಂದು ಅಡ್ಡಡ್ಡ ಕೋಷ್ಟಕ. ಮೊದಲ ಅಂಕಣದಲ್ಲಿ ಹುದ್ದೆ. ಎರಡನೆಯದರಲ್ಲಿ ಯಾರು ಶಿಕ್ಷೆ ಕೊಡಬಹುದು. ಅದರ ಪಕ್ಕದಲ್ಲಿ ಮೇಲ್ಮನವಿ ಯಾರಿಗೆ. ಕೆಳಗಿನ ಸಾಲುಗಳಲ್ಲಿ ತೊಂದರೆಯಿಲ್ಲ. ಗುಮಾಸ್ತನಿಗೆ ಮ್ಯಾನೇಜರು ಶಿಕ್ಷೆ ಕೊಟ್ಟರೆ ಜನರಲ್ ಮ್ಯಾನೇಜರಿಗೆ ಮನವಿ, ಹೀಗೆ ಏಣಿ ಏರುತ್ತದೆ. ಏಣಿಯ ತುದಿಗೆ ಬಂದಾಗ ತಮಾಷೆ. ಅಲ್ಲಿ ಶಿಕ್ಷೆ ಕೊಡುವವರು ಅಧ್ಯಕ್ಷರೂ ವ್ಯವಸ್ಥಾಪಕ ನಿರ್ದೇಶಕರೂ ಆದ ಒಬ್ಬರೇ, ಆಫೀಸಿನ ಮಾತಿನಲ್ಲಿ ಸಿಎಂಡಿ. ಅವರ ಮೇಲೆ ಮನವಿ ಯಾರಿಗೆ? ನಿರ್ದೇಶಕ ಮಂಡಳಿಗೆ. ಮಂಡಳಿಯ ಅಧ್ಯಕ್ಷರು ಯಾರು? ನೀವೇ ಹೇಳಿ.

ಬ್ರೈತ್‌ವೇಟಿನ ಒಬ್ಬ ನೌಕರರಿಗೆ ಆದದ್ದು ಇದೇ. ದುರ್ನಡತೆಯ ಆರೋಪ ಬಂತು, ವಿಚಾರಣೆ ನಡೆಯಿತು, ವಿಚಾರಣಾಧಿಕಾರಿ ವರದಿ ಕೊಟ್ಟರು. ವರದಿಯನ್ನು ಒಪ್ಪಿ ಸಿಎಂಡಿ ಕೆಲಸದಿಂದ ತೆಗೆದರು. ನೌಕರರು ನಿಯಮದಂತೆ ಮಂಡಳಿಗೆ ಮೇಲ್ಮನವಿ ಹಾಕಿದರು. ಮಂಡಳಿಯ ಸಭೆಗೆ ಅದೇ ಸಿಎಂಡಿಯೇ ಅಧ್ಯಕ್ಷತೆ ವಹಿಸಿ, ತಾವೇ ಕೊಟ್ಟ ಶಿಕ್ಷೆ ಸರಿಯೋ ತಪ್ಪೋ ಎಂಬ ಚರ್ಚೆಯಲ್ಲಿ ಭಾಗಿಯಾದರು. ಮನವಿ ವಜಾ ಆಯಿತು. ಬೇರೇನಾದೀತು?

ಆ ಸಭೆಯನ್ನು ನಾನು ನೋಡಿಲ್ಲ, ಆದರೆ ಅಂಥ ಸಭೆಗಳ ಹೊರಗೆ ಕಡತ ಹಿಡಿದು ಕಾದು ನಿಂತ ಅನುಭವವಿದೆ. ಕಾರ್ಯಸೂಚಿಯಲ್ಲಿ ಹಣಕಾಸು, ಉತ್ಪಾದನೆ, ಬಾಕಿ ಆರ್ಡರು ಎಲ್ಲ ಮುಗಿದ ಮೇಲೆ ಕೊನೆಗೆ, ಊಟದ ವಾಸನೆ ಬರುವ ಹೊತ್ತಿಗೆ, ‘ನೌಕರರ ಮೇಲ್ಮನವಿ’ ಎಂಬ ಒಂದು ಸಾಲು. ಸಚಿವಾಲಯದಿಂದ ಬಂದ ನಿರ್ದೇಶಕರು ವಿಮಾನದ ಹೊತ್ತು ನೋಡುತ್ತಿರುತ್ತಾರೆ. ಯಾರೋ ಒಬ್ಬರು “ಏನಿದು?” ಎಂದು ಮೇಜಿನ ತುದಿಗೆ ನೋಡುತ್ತಾರೆ. ಮೇಜಿನ ತುದಿಯಲ್ಲಿ ಯಾರಿದ್ದಾರೆ? ಶಿಕ್ಷೆ ಕೊಟ್ಟವರೇ. “ಅದೊಂದು ಹಳೆಯ ಕೇಸು, ಬಹಳ ತೊಂದರೆ ಕೊಟ್ಟ ಮನುಷ್ಯ” ಎನ್ನುತ್ತಾರೆ. ಇದರಲ್ಲಿ ಸುಳ್ಳೇನೂ ಇರಬೇಕಾಗಿಲ್ಲ, ಅವರು ಪ್ರಾಮಾಣಿಕರೇ ಇರಬಹುದು. ಆದರೆ ಮನವಿ ಅಲ್ಲಿಗೆ ಮುಗಿದುಹೋಯಿತು. ಪಕ್ಷಪಾತವೆಂದರೆ ಹಲ್ಲು ಮಸೆಯುವುದೇ ಆಗಬೇಕಿಲ್ಲ. ತಾನು ಬರೆದ ಆದೇಶದಲ್ಲಿ ತಪ್ಪು ಹುಡುಕುವ ಉತ್ಸಾಹ ಯಾರಿಗಿದ್ದೀತು? ನನ್ನ ಈ ಹರಟೆಯ ತಪ್ಪುಗಳನ್ನು ನನ್ನನ್ನೇ ಹುಡುಕಲು ಹೇಳಿದರೆ ನಾನೂ ಒಂದೆರಡು ಕಾಮಾ ತಿದ್ದಿ ಎದ್ದೇನು.

ಹೈಕೋರ್ಟಿನಲ್ಲಿ ಕೊನೆಗೆ ಕಂಪನಿಯ ಕೈ ಮೇಲಾಯಿತು, ನೌಕರರು ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಕಂಪನಿಯ ವಾದ ಸರಳವಾಗಿತ್ತು: ನಿಯಮವೇ ಹಾಗಿದೆ. ಶಿಕ್ಷೆ ಕೊಡುವ ಅಧಿಕಾರ ಸಿಎಂಡಿಗೆ, ಮನವಿ ಕೇಳುವ ಅಧಿಕಾರ ಮಂಡಳಿಗೆ, ಮಂಡಳಿಗೆ ಅವರೇ ಅಧ್ಯಕ್ಷರು. ನಾವೇನು ಮಾಡೋಣ? ಅನಿವಾರ್ಯತೆ.

2002ರಲ್ಲಿ ಬಂದ ತೀರ್ಪು ಚಿಕ್ಕದು. ಬರೆದವರು ನ್ಯಾಯಮೂರ್ತಿ ವಿ.ಎನ್. ಖರೆ. ಹಿಂದೆ ಕಲ್ಕತ್ತಾ ಹೈಕೋರ್ಟಿಗೇ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು, ಆದ್ದರಿಂದ ಈ ಊರಿನ ಕಂಪನಿಗಳ ಜಾಯಮಾನ ಬಲ್ಲವರು ಎಂದುಕೊಳ್ಳಲು ಅಡ್ಡಿಯಿಲ್ಲ. ಅವರು ಮಾಡಿದ್ದು ಏನು ಗೊತ್ತೇ? ನೀತಿಬೋಧೆಯನ್ನು ಬೇಗ ಮುಗಿಸಿ ನಿಯಮಪುಸ್ತಕದ ಮೊದಲ ಪುಟಗಳಿಗೆ ತಿರುಗಿದರು. ವ್ಯಾಖ್ಯೆಗಳ ಪುಟ! ಯಾರೂ ಓದದ ಪುಟ. ಅಲ್ಲಿ 3(ಡಿ) ಎಂಬಲ್ಲಿ ‘ಮಂಡಳಿ’ ಎಂದರೇನು ಎಂದು ಬರೆದಿತ್ತು. ಮಂಡಳಿ ಎಂದರೆ ಮಂಡಳಿ ಮಾತ್ರವಲ್ಲ, ಮಂಡಳಿ ತನ್ನ ಅಧಿಕಾರವನ್ನು ವಹಿಸಿಕೊಟ್ಟ ಸಮಿತಿಯೂ ಸೇರುತ್ತದೆ. ಹಾಗಾದರೆ ಸಿಎಂಡಿಯನ್ನು ಬಿಟ್ಟು ಒಂದು ಸಮಿತಿ ಮಾಡಿ ಈ ಮನವಿಯನ್ನು ಅದಕ್ಕೆ ಒಪ್ಪಿಸಬಹುದಿತ್ತಲ್ಲ? ದಾರಿಯಿದ್ದಾಗ ಅನಿವಾರ್ಯತೆ ಎಲ್ಲಿಂದ ಬಂತು? ಬೇರೆ ಅಧಿಕಾರಿಯೂ ಇರಬಾರದು, ಅಧಿಕಾರವನ್ನು ಇನ್ನೊಬ್ಬರಿಗೆ ವಹಿಸಿಕೊಡಲೂ ಬಾರದು, ಆಗ ಮಾತ್ರ ಈ ಸಿದ್ಧಾಂತ. ಮೇಲ್ಮನವಿಯನ್ನು ಕಾರಣಗಳನ್ನು ಬರೆದು ಹೊಸದಾಗಿ ತೀರ್ಮಾನಿಸಿ ಎಂದು ಕೋರ್ಟು ಹಿಂದಕ್ಕೆ ಕಳಿಸಿತು.

ಗಮನಿಸಿ, ನೌಕರರು ನಿರಪರಾಧಿ ಎಂದು ಕೋರ್ಟು ಹೇಳಲಿಲ್ಲ. ಅವರಿಗೆ ಸಿಕ್ಕಿದ್ದು ಇನ್ನೊಂದು ಸಭೆ. ಅಷ್ಟಕ್ಕೆ ಇಷ್ಟು ದೂರವೇ ಎಂದು ನಮ್ಮ ರೋಯಾಕಿನಲ್ಲಿ ಒಬ್ಬರು ಕೇಳಿದರು. ಮುಹುರಿ ದಾದಾ ಚಹಾ ಹೀರಿ, “ಜಗತ್ತಿನಲ್ಲಿ ಯಾವ ಮೇಲ್ಮನವಿಯೂ ಅದಕ್ಕಿಂತ ಹೆಚ್ಚಿನದನ್ನು ಕೊಟ್ಟದ್ದು ನಾನು ನೋಡಿಲ್ಲ” ಎಂದರು.

ತೀರ್ಪನ್ನು ಓದಿದಾಗ ನನಗೆ ಇನ್ನೂ ಸುಲಭದ ದಾರಿ ಹೊಳೆದಿತ್ತು. ಸಮಿತಿಯಾದರೂ ಏಕೆ? ಆಗ ನಡೆಯುತ್ತಿದ್ದ 1956ರ ಕಂಪನಿ ಕಾಯಿದೆಯಲ್ಲಿ ಮಂಡಳಿಯ ಕೋರಂ ಎಂದರೆ ಒಟ್ಟು ನಿರ್ದೇಶಕರ ಮೂರನೆಯ ಒಂದು ಭಾಗ, ಇಲ್ಲವೇ ಇಬ್ಬರು, ಎರಡರಲ್ಲಿ ಯಾವುದು ಹೆಚ್ಚೋ ಅದು. ಆರು ಜನರ ಮಂಡಳಿಯಾದರೆ ಇಬ್ಬರು ಸಾಕು. ಅಧ್ಯಕ್ಷರು ಎದ್ದು ಹೊರಗೆ ಬಂದು, ನಾನು ನಿಂತಿರುತ್ತಿದ್ದೆನಲ್ಲ, ಆ ಪಡಸಾಲೆಯಲ್ಲಿ ಒಂದು ಸಿಗರೇಟು ಸೇದಿ ಮುಗಿಸುವಷ್ಟರಲ್ಲಿ ಒಳಗಿದ್ದವರು ತಮ್ಮಲ್ಲೊಬ್ಬರನ್ನು ಆ ಹೊತ್ತಿಗೆ ಅಧ್ಯಕ್ಷರನ್ನಾಗಿ ಮಾಡಿಕೊಂಡು ತೀರ್ಮಾನ ಬರೆಯಬಹುದಿತ್ತು. ಅನಿವಾರ್ಯತೆ ಎಂಬ ಭಾರೀ ಹೆಸರಿನ ಹಿಂದೆ ಅನೇಕ ಸಲ ಇರುವುದು ಇಷ್ಟೇ ಲೆಕ್ಕ: ಇವರೊಬ್ಬರನ್ನು ಕಳೆದರೆ ಉಳಿದವರು ಕೋರಂಗೆ ಸಾಕೇ ಸಾಲದೇ? ಆದರೆ ಎದ್ದು ಹೋಗುವುದೇ ಕಷ್ಟ. ಕುರ್ಚಿಗೆ ಮನುಷ್ಯ ಅಂಟಿಕೊಳ್ಳುವ ಬಗೆಯನ್ನು ಯಾವ ಕಾಯಿದೆಯೂ ಲೆಕ್ಕಕ್ಕೆ ಹಿಡಿದಿಲ್ಲ.

ಎದ್ದು ಹೋದವರೂ ಈ ಊರಿನಲ್ಲಿ ಇಲ್ಲದಿಲ್ಲ. 1775ರ ಮಾರ್ಚಿನಲ್ಲಿ ಮಹಾರಾಜ ನಂದಕುಮಾರ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮೇಲೆ ಲಂಚದ ದೂರು ಕೊಟ್ಟ. ಮೂರೂವರೆ ಲಕ್ಷಕ್ಕೂ ಮೇಲ್ಪಟ್ಟ ಮೊತ್ತ. ದೂರನ್ನು ಮುಂದಿಟ್ಟದ್ದು ಎಲ್ಲಿ? ಐದು ಜನರ ಕೌನ್ಸಿಲಿನಲ್ಲಿ. ಅದರ ಅಧ್ಯಕ್ಷ ಸ್ವತಃ ಹೇಸ್ಟಿಂಗ್ಸ್. ಬ್ರೈತ್‌ವೇಟಿನ ಮೇಜೇ, ಇನ್ನೂರು ಚಿಲ್ಲರೆ ವರ್ಷ ಮೊದಲು! ಹೇಸ್ಟಿಂಗ್ಸ್, ನಾನು ಅಧ್ಯಕ್ಷನಾಗಿ ಕುಳಿತಿರುವ ಸಭೆ ನನ್ನ ಮೇಲಿನ ಆರೋಪವನ್ನು ವಿಚಾರಿಸಕೂಡದು ಎಂದು ಸಭೆಯನ್ನು ಬರಖಾಸ್ತು ಮಾಡಿ ಎದ್ದು ನಡೆದ. ಅವನ ಕಡೆಯ ಬಾರ್ವೆಲ್ ಹಿಂದೆಯೇ ಹೋದ. ಉಳಿದ ಮೂವರು, ಕ್ಲೇವರಿಂಗ್, ಮಾನ್ಸನ್, ಫಿಲಿಪ್ ಫ್ರಾನ್ಸಿಸ್, ಹೊರಡಲಿಲ್ಲ. ಕ್ಲೇವರಿಂಗನನ್ನು ಕುರ್ಚಿಯಲ್ಲಿ ಕೂರಿಸಿ ವಿಚಾರಣೆ ಮುಂದುವರಿಸಿದರು, ಹೇಸ್ಟಿಂಗ್ಸ್ ಹಣ ತಿಂದದ್ದು ನಿಜ ಎಂದು ನಿರ್ಣಯವನ್ನೂ ಮಾಡಿದರು.

ನಾನು ಮೇಲೆ ಹೇಳಿದ ಸುಲಭದ ದಾರಿ ಇದೇ ಅಲ್ಲವೇ? ಇದೇ. ಆದರೆ ಉಳಿದ ಆ ಮೂವರೂ ಹೇಸ್ಟಿಂಗ್ಸನ ಬದ್ಧವೈರಿಗಳು, ಕಲ್ಕತ್ತೆಯಲ್ಲಿ ಕಾಲಿಟ್ಟ ದಿನದಿಂದ ಅವನ ಮೇಲೆ ಕತ್ತಿ ಮಸೆಯುತ್ತಿದ್ದವರು. ಆರೋಪಿ ಹೊರಗೆ ಹೋದ, ಹಗೆಯವರು ನ್ಯಾಯಾಧೀಶರಾದರು. ಬಾಣಲೆಯಿಂದ ಬೆಂಕಿಗೆ. ಸೀದಾ ಪಕ್ಷಪಾತವನ್ನು ತೆಗೆದರೆ ತಲೆಕೆಳಗಾದ ಪಕ್ಷಪಾತ ಸಿಗುತ್ತದೆ ಎಂಬುದನ್ನು ನನ್ನ ಕೋರಂ ಲೆಕ್ಕ ಹಿಡಿಯಲಾರದು.

ಮುಂದಿನದು ಇನ್ನೂ ಕೆಟ್ಟದ್ದು. ಮೇ ತಿಂಗಳಲ್ಲಿ ನಂದಕುಮಾರನನ್ನು ಹಳೆಯ ಪತ್ರವೊಂದರ ಫೋರ್ಜರಿ ಆರೋಪದ ಮೇಲೆ ಹಿಡಿದರು. ಕಲ್ಕತ್ತೆಯಲ್ಲಿ ಆಗಷ್ಟೇ ಶುರುವಾಗಿದ್ದ ಸುಪ್ರೀಂ ಕೋರ್ಟಿನಲ್ಲಿ ಇದ್ದ ನ್ಯಾಯಾಧೀಶರು ನಾಲ್ವರು. ಮುಖ್ಯ ನ್ಯಾಯಾಧೀಶ ಇಂಪೆ, ಹೇಸ್ಟಿಂಗ್ಸನ ಜೊತೆ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಓದಿದವನು. ಲಮೇಸ್ತರ್ ಮತ್ತು ಹೈಡ್ ಎಂಬಿಬ್ಬರು ಮ್ಯಾಜಿಸ್ಟ್ರೇಟರ ಟೋಪಿ ಹಾಕಿಕೊಂಡು ಇವನನ್ನು ವಿಚಾರಣೆಗೊಪ್ಪಿಸಿ ಜೈಲಿಗೆ ಕಳಿಸಿದವರು. ಅದೇ ಇಬ್ಬರು ಜೂನ್ ತಿಂಗಳಲ್ಲಿ ಟೋಪಿ ಬದಲಿಸಿ ಪೀಠದ ಮೇಲೆ ಕುಳಿತರು. ನಾಲ್ಕನೆಯ ಚೇಂಬರ್ಸ್, ಮರಣದಂಡನೆಯಿಲ್ಲದ ಹಳೆಯ ಕಾಯಿದೆಯ ಕೆಳಗೆ ವಿಚಾರಣೆ ಆಗಲಿ ಎಂದು ಕೇಳಿ ನೋಡಿದ, ನಡೆಯಲಿಲ್ಲ. ಆಗಸ್ಟ್ 5ರಂದು ನಂದಕುಮಾರನನ್ನು ಗಲ್ಲಿಗೇರಿಸಿದರು. ಈ ಬಗ್ಗೆ ಇಂಪೆಯನ್ನು ಬೈದು ಮೆಕಾಲೆ ಬರೆದ, ಇಂಪೆಯ ಪರವಾಗಿ ಸ್ಟೀಫನ್ ಎಂಬ ಇನ್ನೊಬ್ಬ ನ್ಯಾಯಾಧೀಶ ಎರಡು ಸಂಪುಟ ಬರೆದ. ನಮ್ಮ ರೋಯಾಕಿನಲ್ಲಿ ಇಂದಿಗೂ ಈ ಕೇಸಿನ ಮರುವಿಚಾರಣೆ ನಡೆಯುತ್ತಲೇ ಇದೆ, ಪ್ರತಿ ಸಲವೂ ಇಂಪೆ ಸೋಲುತ್ತಾನೆ. ಅಲ್ಲಿನ ಪೀಠವೂ ನಿಷ್ಪಕ್ಷಪಾತಿಯೆಂದು ಹೇಳಲು ನನಗೆ ಧೈರ್ಯವಿಲ್ಲ.

ಹಾಗಾದರೆ ಎದ್ದು ಹೋಗುವುದನ್ನು ಅಚ್ಚುಕಟ್ಟಾಗಿ ಮಾಡಿಸಿದವರು ಯಾರೂ ಇಲ್ಲವೇ? ಇದ್ದಾರೆ, ಆದರೆ ಅದಕ್ಕೆ ಮದ್ರಾಸಿಗೆ ಹೋಗಬೇಕು. ತೊಂಬತ್ತರ ದಶಕದಲ್ಲಿ ಸುಬ್ರಮಣಿಯನ್ ಸ್ವಾಮಿ, ಮುಖ್ಯಮಂತ್ರಿ ಜಯಲಲಿತಾ ಶಾಸಕಿಯಾಗಿರಲು ಅನರ್ಹರೆಂದು ರಾಜ್ಯಪಾಲರಿಗೆ ಅರ್ಜಿ ಕೊಟ್ಟರು. ಸಂವಿಧಾನದ 192ನೆಯ ವಿಧಿಯ ಪ್ರಕಾರ ರಾಜ್ಯಪಾಲರು ಚುನಾವಣಾ ಆಯೋಗದ ಅಭಿಪ್ರಾಯ ಕೇಳಿ ಅದರಂತೆಯೇ ನಡೆಯಬೇಕು. ಮುಖ್ಯ ಚುನಾವಣಾ ಆಯುಕ್ತರು ಟಿ.ಎನ್. ಶೇಷನ್. ಸ್ವಾಮಿಗೂ ಶೇಷನ್‌ಗೂ ಹಳೆಯ ಸ್ನೇಹ, ಸ್ವಾಮಿಯವರ ಹೆಂಡತಿ ಶೇಷನ್ ಪರ ವಕಾಲತ್ತು ವಹಿಸಿದವರು. ಇವರಿಂದ ನನಗೆ ನ್ಯಾಯ ಸಿಕ್ಕೀತೇ ಎಂದು ಜಯಲಲಿತಾ ಕೋರ್ಟಿಗೆ ಹೋದರು.

ಶೇಷನ್ ಒಬ್ಬರೇ ಆಯೋಗವಾಗಿದ್ದ ಕಾಲದಲ್ಲಾಗಿದ್ದರೆ ಅದು ಶುದ್ಧ ಪದ್ಮಾವತಿ ಪ್ರಕರಣ. ಆದರೆ 1993ರ ಅಕ್ಟೋಬರಿನಲ್ಲಿ ಸರ್ಕಾರ ಎಂ.ಎಸ್. ಗಿಲ್, ಜಿ.ವಿ.ಜಿ. ಕೃಷ್ಣಮೂರ್ತಿ ಎಂಬ ಇನ್ನಿಬ್ಬರನ್ನು ತಂದು ಕೂರಿಸಿತ್ತು. ಇವರು ಬೇಡವೇ ಬೇಡ ಎಂದು ಶೇಷನ್ ಸುಪ್ರೀಂ ಕೋರ್ಟಿನವರೆಗೆ ಹೋರಾಡಿ ಸೋತಿದ್ದರು. 1996ರಲ್ಲಿ ಮುಖ್ಯ ನ್ಯಾಯಮೂರ್ತಿ ಅಹ್ಮದಿ ಅವರು ಬರೆದ ತೀರ್ಪು ಹಾವೂ ಸಾಯದಂತೆ ಕೋಲೂ ಮುರಿಯದಂತೆ ದಾರಿ ತೋರಿಸಿತು. ಶೇಷನ್ ಸಭೆ ಕರೆಯಲಿ, ಆಮೇಲೆ ಹಿಂದೆ ಸರಿಯಲಿ. ಉಳಿದಿಬ್ಬರು ಒಂದೇ ಅಭಿಪ್ರಾಯಕ್ಕೆ ಬಂದರೆ ಅಷ್ಟೇ ಸಾಕು, ಶೇಷನ್ ಬಾಯಿ ಬಿಡಬೇಕಾಗಿಲ್ಲ. ಅವರಿಬ್ಬರಲ್ಲಿ ಭೇದ ಬಂದರೆ ಮಾತ್ರ ಶೇಷನ್ ಮರಳಿ ಬಂದು ಅಭಿಪ್ರಾಯ ಹೇಳಲಿ, ಆಗ ಅದು ನಿಜವಾದ ಅನಿವಾರ್ಯ. ಎಷ್ಟು ಬೇಕೋ ಅಷ್ಟೇ, ಬೇಕಾದಾಗ ಮಾತ್ರ. ಯಾರನ್ನು ಬಾಗಿಲಲ್ಲೇ ತಡೆಯಲು ಹೋಗಿದ್ದರೋ ಅವರೇ ಶೇಷನ್ನರ ಪೀಠದ ಮಾನ ಕಾಯಬೇಕಾಗಿ ಬಂದದ್ದನ್ನು ನೋಡಿ. ಕಥೆಗಾರ ಬರೆದಿದ್ದರೆ ಸಂಪಾದಕರು ನಂಬಲಾಗುವುದಿಲ್ಲ ಎಂದು ಹಿಂದಿರುಗಿಸುತ್ತಿದ್ದರು.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಪಾಡಾದ ಒಬ್ಬ ಹುಡುಗ ಕೇಳಿದ. ಅವನಿಗೂ ಆಫೀಸಿನಲ್ಲಿ ಏನೋ ಮೆಮೊ ಬಂದಿತ್ತಂತೆ. “ಕಾಕಾ, ನನ್ನ ಮನವಿಯ ಸಭೆಯಲ್ಲಿ ಯಾರು ಕೂತಿದ್ದರು ಎಂದು ನನಗೆ ಹೇಗೆ ಗೊತ್ತಾಗಬೇಕು?” ಒಳ್ಳೆಯ ಪ್ರಶ್ನೆ. ಆದೇಶದ ಪ್ರತಿಯಲ್ಲಿ ‘ಮಂಡಳಿಯು ಪರಿಶೀಲಿಸಿ ತಿರಸ್ಕರಿಸಿದೆ’ ಎಂಬ ಒಂದೇ ಸಾಲು ಇರುತ್ತದೆ, ಅದರಲ್ಲಿ ಏನೂ ಕಾಣುವುದಿಲ್ಲ. ನೋಡಬೇಕಾದದ್ದು ಸಭೆಯ ನಡಾವಳಿ. ಅದರ ತಲೆಯಲ್ಲಿ ‘ಹಾಜರಿದ್ದವರು’ ಎಂಬ ಪಟ್ಟಿ, ಮೊದಲ ಹೆಸರಿನ ಎದುರು ‘ಅಧ್ಯಕ್ಷತೆ’ ಎಂದು. ಅದೇ ಹೆಸರು ಶಿಕ್ಷೆಯ ಆದೇಶದ ಅಡಿಯಲ್ಲೂ ಇದ್ದರೆ ಅಲ್ಲಿಗೆ ತಿಳಿಯಿತು. ಮುಹುರಿ ದಾದಾ ತಮ್ಮದೊಂದು ಎಚ್ಚರಿಕೆ ಸೇರಿಸಿದರು: ಮೊದಲೇ ಗೊತ್ತಿದ್ದರೆ ಮೊದಲೇ ಬರೆದು ಕೊಡು, ಸೋತ ಮೇಲೆ ಕೂಗಬೇಡ. 1957ರಲ್ಲಿ ರಾಜಸ್ಥಾನದ ಒಬ್ಬ ವಕೀಲರ ಮೇ‌ಲಿನ ವಿಚಾರಣೆಗೆ ಅಧ್ಯಕ್ಷರಾಗಿ ಕುಳಿತವರು, ಹಿಂದೆ ದೂರುದಾರನ ಪರವಾಗಿ ಕೋರ್ಟಿನಲ್ಲಿ ನಿಂತವರೇ. ಅವರು ಕೂರಬಾರದಿತ್ತು ಎಂದು ಸುಪ್ರೀಂ ಕೋರ್ಟು ಒಪ್ಪಿತು. ಆದರೆ ಗೊತ್ತಿದ್ದೂ ಬಾಯಿಮುಚ್ಚಿ ಕೂತು ಕೊನೆಯಲ್ಲಿ ತಕರಾರು ತೆಗೆದರೆ ಕೇಳುವುದಿಲ್ಲ ಎಂದು ವಕೀಲರನ್ನು ವಾಪಸು ಕಳಿಸಿತು. ಹುಡುಗ ಮೊಬೈಲಿನಲ್ಲಿ ಏನೋ ಗುರುತು ಹಾಕಿಕೊಂಡ.

ಬ್ರೈತ್‌ವೇಟ್ ತೀರ್ಪು ನಮ್ಮ ಆಫೀಸಿಗೂ ಬಂದು ತಲುಪಿತ್ತು. ನಮ್ಮ ಅನುಸೂಚಿಯ ತುದಿಯಲ್ಲೂ ಅದೇ ಸಿಎಂಡಿ, ಅದೇ ಮಂಡಳಿ. ತಿದ್ದಬೇಕೆಂದು ಟಿಪ್ಪಣಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬಹಳ ಉತ್ಸಾಹದಿಂದ ಬರೆದೆ: ಸಿಎಂಡಿ ಕೊಟ್ಟ ಶಿಕ್ಷೆಯ ಮೇಲ್ಮನವಿಯನ್ನು ಅವರನ್ನು ಹೊರತುಪಡಿಸಿದ ಮೂವರು ನಿರ್ದೇಶಕರ ಸಮಿತಿ ಕೇಳತಕ್ಕದ್ದು. ಕಾನೂನು ವಿಭಾಗ ಒಪ್ಪಿತು, ಹಣಕಾಸು ವಿಭಾಗ ಖರ್ಚಿಲ್ಲವೆಂದು ಒಪ್ಪಿತು. ನಿಯಮ ತಿದ್ದುವ ಅಧಿಕಾರ ಮಂಡಳಿಯದು, ಮಂಡಳಿಯ ಮುಂದೆ ಯಾವ ವಿಷಯ ಹೋಗಬೇಕೆಂದು ಒಪ್ಪಿಗೆ ಕೊಡುವವರು ಸಿಎಂಡಿ. ಇನ್ನೊಬ್ಬರಿಲ್ಲ, ನಾನೇ ಪುಸ್ತಕವನ್ನೆಲ್ಲ ಹುಡುಕಿ ನೋಡಿದ್ದೆ. ಕಡತ ಅವರ ಮೇಜಿಗೆ ಹೋಯಿತು. ಬಹುದಿನಗಳ ಮೇಲೆ ಹಿಂದಕ್ಕೆ ಬಂದಾಗ ಟಿಪ್ಪಣಿಯ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಎರಡೇ ಪದ, ಕೆಳಗೊಂದು ಸಹಿ: ‘ಪ್ಲೀಸ್ ಡಿಸ್ಕಸ್.’